ಕತ್ತಿನ ರಕ್ತನಾಳ ಕಿರಿದಾದಾಗ ಶಸ್ತ್ರಚಿಕಿತ್ಸೆಯನ್ನು ನಾನು ನಿರ್ಧರಿಸುವ ಬಗೆ

ನಾನು ರಕ್ತನಾಳಗಳ ಶಸ್ತ್ರಚಿಕಿತ್ಸಕ. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಕೆರೋಟಿಡ್ ಧಮನಿ ಕಿರಿದಾಗಿದೆ ಎಂಬ ವರದಿ ಹಿಡಿದು ಬರುವವರೆಲ್ಲ ಮೊದಲು ಕೇಳುವುದು 'ಎಷ್ಟು ಪರ್ಸೆಂಟ್ ಬ್ಲಾಕ್ ಇದೆ ಡಾಕ್ಟ್ರೇ?' ಎಂದು. ಆ ಅಂಕಿಗೆ ಬರುವ ಮೊದಲು ನಾನು ಅವರನ್ನು ಬೇರೆಯದೇ ವಿಷಯ ಕೇಳುತ್ತೇನೆ. ಇತ್ತೀಚೆಗೆ, ಐದೇ ನಿಮಿಷದ ಮಟ್ಟಿಗಾದರೂ, ಕೈ ಸೋತಿತ್ತೇ, ಬಾಯಿ ಸೊಟ್ಟಗಾಗಿತ್ತೇ, ಮಾತು ತೊದಲಿತ್ತೇ, ಒಂದು ಕಣ್ಣು ಮಂಜಾಗಿತ್ತೇ? ಆಗಿದ್ದರೆ ಯಾವ ಬದಿಯಲ್ಲಿ, ಯಾವ ದಿನ? ಏಕೆಂದರೆ ಇಲ್ಲಿಂದ ಬರುವ ಪಾರ್ಶ್ವವಾಯುವಿಗೆ ಬಹುತೇಕ ಕಾರಣ ರಕ್ತದ ಹರಿವು ಕಡಿಮೆಯಾಗುವುದಲ್ಲ. ನಾಳದ ಒಳಗೋಡೆಯ ಕೊಬ್ಬಿನ ದಿಣ್ಣೆ ಬಿರಿದು, ಅದರ ಮೇಲೆ ಕಟ್ಟಿದ ಹೆಪ್ಪಿನ ಚೂರು ಹಾರಿಹೋಗಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುವುದು. ಹಾಗೆ ಒಮ್ಮೆ ಬಿರಿದ ದಿಣ್ಣೆ ಮುಂದಿನ ಕೆಲವು ವಾರಗಳಲ್ಲಿ ಮತ್ತೆ ಚೂರು ಹಾರಿಸುವ ಸಂಭವ ಬಹಳ.

ಮಲೆನಾಡಿನ ಕಡೆಯ, ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರ ವಿಷಯವನ್ನೇ ಹೇಳುತ್ತೇನೆ. ಒಂದು ಬೆಳಿಗ್ಗೆ ಅವರ ಬಲಗಣ್ಣಿನ ಮೇಲೆ ಪರದೆ ಇಳಿದಂತಾಗಿ, ಐದಾರು ನಿಮಿಷದಲ್ಲಿ ಸರಿಹೋಯಿತು. ಎರಡು ದಿನ ಬಿಟ್ಟು ಎಡಗೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಕಾಲು ಗಂಟೆಯೊಳಗೆ ಕೈಗೆ ಶಕ್ತಿ ಮರಳಿತು. ಕಣ್ಣಿನ ಪೊರೆಯಿರಬೇಕೆಂದು ಅವರು ಕಣ್ಣಿನ ವೈದ್ಯರ ಬಳಿಗೆ ಹೋದರು. ಆ ವೈದ್ಯರು ಕಣ್ಣಿನ ಪಾಪೆ ಹಿಗ್ಗಿಸಿ ನೋಡಿದಾಗ, ರೆಟಿನಾದ ಸಣ್ಣ ಧಮನಿ ಕವಲೊಡೆಯುವಲ್ಲಿ ಹೊಳೆಯುವ ಹಳದಿ ಕಣವೊಂದು ಕಂಡಿತು. ಅದು ಕತ್ತಿನಿಂದ ಹಾರಿಬಂದ ಕೊಲೆಸ್ಟೆರಾಲ್ ಚೂರು. ಅವರು ಅದೇ ದಿನ ನಮ್ಮಲ್ಲಿಗೆ ಕಳುಹಿಸಿದರು. ಬಲಗಣ್ಣು ಮತ್ತು ಎಡಗೈ ಬೇರೆ ಬೇರೆ ಬದಿಯವೆನಿಸಿದರೂ ಎರಡೂ ಬೆರಳು ಮಾಡುವುದು ಬಲ ಕೆರೋಟಿಡ್ ಕಡೆಗೇ: ಕಣ್ಣಿಗೆ ರಕ್ತ ಅದೇ ಬದಿಯಿಂದ ಹೋಗುತ್ತದೆ, ಕೈಯನ್ನು ಆಳುವುದು ಎದುರು ಬದಿಯ ಮಿದುಳು.

ಅಂದೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮತ್ತು ಕೊಲೆಸ್ಟೆರಾಲ್ ಇಳಿಸುವ ಸ್ಟಾಟಿನ್ ಆದ ಅಟೋರ್ವಾಸ್ಟಾಟಿನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಶುರು ಮಾಡಿದೆವು. ಶಸ್ತ್ರಚಿಕಿತ್ಸೆ ಆಗಲಿ ಬಿಡಲಿ, ಈ ಔಷಧಿಗಳಿಗೆ ಕಾಯುವ ಕಾರಣವಿಲ್ಲ. ಇ.ಸಿ.ಜಿ.ಯಲ್ಲಿ ಹೃದಯದ ಲಯ ಸರಿಯಿತ್ತು. ಲಯ ತಪ್ಪಿದ್ದರೆ ಹೆಪ್ಪು ಹೃದಯದಿಂದಲೇ ಬಂದಿರಬಹುದೆಂದು ಯೋಚಿಸಬೇಕಾಗುತ್ತಿತ್ತು. ಶಬ್ದತರಂಗದಿಂದ ರಕ್ತದ ಹರಿವು ಅಳೆಯುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಿರಿದಾದ ಜಾಗದ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 340 ಸೆಂಟಿಮೀಟರ್ ಇತ್ತು. 230 ದಾಟಿದರೆ ಸಾಮಾನ್ಯವಾಗಿ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದರ್ಥ. ಆದರೂ ಡಾಪ್ಲರ್ ಒಂದನ್ನೇ ನಂಬಿ ನಾನು ಕತ್ತಿಗೆ ಕತ್ತಿ ಹಾಕುವುದಿಲ್ಲ. ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ಅತಿ ಕಿರಿದಾದ ಕಡೆ ಒಳವ್ಯಾಸ 1.2 ಮಿಲಿಮೀಟರ್, ಅದರ ಮೇಲಿನ ಆರೋಗ್ಯವಂತ ಭಾಗದಲ್ಲಿ 5 ಮಿಲಿಮೀಟರ್, ಎಂದರೆ ಶೇ. 76ರಷ್ಟು ಕಿರಿದಾಗಿತ್ತು. ಇಲ್ಲೊಂದು ಎಚ್ಚರ ಬೇಕು. ನಾಳ ಬಹುತೇಕ ಮುಚ್ಚಿಹೋಗುವ ಹಂತದಲ್ಲಿದ್ದಾಗ ಮೇಲಿನ ಭಾಗವೂ ಕುಗ್ಗಿಬಿಡುತ್ತದೆ, ವೇಗವೂ ಇಳಿಯುತ್ತದೆ, ಆಗ ಎರಡೂ ಅಳತೆಗಳು ರೋಗ ಇರುವುದಕ್ಕಿಂತ ಕಡಿಮೆಯೆಂದು ತೋರಿಸಬಹುದು. ಪೂರ್ತಿ ಮುಚ್ಚಿಹೋದ ನಾಳವನ್ನು ನಾವು ತೆರೆಯಲು ಹೋಗುವುದಿಲ್ಲ.

'ಕೊಯ್ಲು ಮುಗಿಯಲಿ, ಆಮೇಲೆ ಮಾಡಿಸುತ್ತೇವೆ' ಎಂದರು ಮನೆಯವರು. ಇಂಥ ಹೊತ್ತಿನಲ್ಲಿ ನಾನು ನೆನಪಿಸುವುದು 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವನ್ನು. ಲಕ್ಷಣ ಕಾಣಿಸಿಕೊಂಡಿದ್ದು, ಶೇ. 70ರಿಂದ 99ರಷ್ಟು ಕಿರಿದಾಗಿದ್ದವರಲ್ಲಿ ಬರೀ ಔಷಧಿಯ ಮೇಲಿದ್ದ ನೂರರಲ್ಲಿ 26 ಮಂದಿಗೆ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಆಗಿತ್ತು, ಶಸ್ತ್ರಚಿಕಿತ್ಸೆ ಆದವರಲ್ಲಿ 9 ಮಂದಿಗೆ. ಇಂದಿನ ಔಷಧಿಗಳು ಅಂದಿನವಕ್ಕಿಂತ ಉತ್ತಮವಾದ್ದರಿಂದ ಅಂತರ ಈಗ ಅಷ್ಟಿರಲಾರದು, ಆದರೆ ಅದು ಅಳಿಸಿಹೋಗಿಲ್ಲ. ಈ ಲಾಭ ಹೆಚ್ಚಾಗಿ ದೊರೆಯುವುದು ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ; ಮೂರು ತಿಂಗಳು ಕಳೆದ ಮೇಲೆ ಮಾಡಿದರೆ ಆಪತ್ತಿನ ಕಾಲ ಬಹುಪಾಲು ಕಳೆದೇ ಹೋಗಿರುತ್ತದೆ. ಇದನ್ನು ಕೇಳಿದ ಮೇಲೆ ಅವರ ಮಗ ಕೊಯ್ಲಿನ ಮಾತು ಬಿಟ್ಟು ಇನ್ನೊಂದನ್ನು ಕೇಳಿದರು: 'ನಮ್ಮ ಮಾವನಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ರು ಸರ್, ಕೊಯ್ಯಲೇ ಇಲ್ಲ. ಅಪ್ಪಯ್ಯನಿಗೂ ಹಾಗೇ ಆಗೋದಿಲ್ವಾ?'

ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಹೃದಯದ ನಾಳದಲ್ಲಿ ತಂತಿ ತೂರಿಸುವಾಗ ಉದುರುವ ಚೂರಿಗೂ ಕೆರೋಟಿಡ್‌ನಲ್ಲಿ ಉದುರುವ ಚೂರಿಗೂ ವ್ಯತ್ಯಾಸವಿದೆ. ಇಲ್ಲಿ ಅದು ನೇರವಾಗಿ ಮಿದುಳಿಗೆ ಹೋಗುತ್ತದೆ. ಚೂರು ಹಿಡಿಯಲು ಜಾಲರಿ ಇಟ್ಟರೂ, ಆ ಜಾಲರಿಯೇ ಮೊದಲು ದಿಣ್ಣೆಯನ್ನು ದಾಟಿ ಮೇಲೆ ಹೋಗಬೇಕು. 2010ರ ಕ್ರೆಸ್ಟ್ ಅಧ್ಯಯನದಲ್ಲಿ ಸ್ಟೆಂಟ್ ಹಾಕಿದವರಲ್ಲಿ ಚಿಕಿತ್ಸೆಯ ಹೊತ್ತಿನ ಪಾರ್ಶ್ವವಾಯು ಹೆಚ್ಚಿತ್ತು, ಶಸ್ತ್ರಚಿಕಿತ್ಸೆ ಆದವರಲ್ಲಿ ಹೃದಯಾಘಾತ ಹೆಚ್ಚಿತ್ತು. ವಯಸ್ಸು ಎಪ್ಪತ್ತು ದಾಟಿದಷ್ಟೂ ತೂಕ ಶಸ್ತ್ರಚಿಕಿತ್ಸೆಯ ಕಡೆಗೇ ವಾಲಿತ್ತು. ಕತ್ತಿಗೆ ಮೊದಲೇ ವಿಕಿರಣ ಚಿಕಿತ್ಸೆ ಆಗಿದ್ದರೆ, ಹಿಂದೆ ಶಸ್ತ್ರಚಿಕಿತ್ಸೆಯಾದ ಜಾಗವೇ ಮತ್ತೆ ಕಿರಿದಾಗಿದ್ದರೆ, ರೋಗ ದವಡೆಯ ಮರೆಯಲ್ಲಿ ತೀರ ಮೇಲಿದ್ದರೆ ಅಥವಾ ಹೃದಯ ಬಹಳ ದುರ್ಬಲವಾಗಿದ್ದರೆ ನಾನೇ ಸ್ಟೆಂಟ್ ಹಾಕುವವರ ಬಳಿಗೆ ಕಳುಹಿಸುತ್ತೇನೆ. ಇವರಿಗೆ ಅವು ಯಾವುವೂ ಇರಲಿಲ್ಲ. ದಿಣ್ಣೆ ಮೆತ್ತಗಿತ್ತು, ಎದೆಯೊಳಗಿನ ಮಹಾಧಮನಿಯ ಕಮಾನು ಕಡಿದಾಗಿ ತಿರುಚಿಕೊಂಡಿತ್ತು. ಆ ದಾರಿಯಲ್ಲಿ ತಂತಿ ಏರಿಸುವುದು ನನಗೆ ಸರಿ ಕಾಣಲಿಲ್ಲ.

ಕತ್ತನ್ನು ಮಾತ್ರ ಮರಗಟ್ಟಿಸಿ, ರೋಗಿ ಎಚ್ಚರವಿರುವಾಗಲೇ ಮಾಡುವುದು ನನ್ನ ರೂಢಿ. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದರೂ ಫಲಿತಾಂಶ ಬೇರೆಯಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ; ಆದರೂ ಮಿದುಳಿನ ಸ್ಥಿತಿಯನ್ನು ರೋಗಿಯೇ ಹೇಳುವುದು ನನಗೆ ಧೈರ್ಯ. ಅವರ ಎಡಗೈಗೆ ಒತ್ತಿದರೆ ಕೀ ಎನ್ನುವ ರಬ್ಬರ್ ಗೊಂಬೆ ಕೊಟ್ಟಿದ್ದೆವು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟ ಮೇಲೆ ಮಿದುಳಿಗೆ ಹೋಗುವ ಒಳ ಕವಲಿಗೆ ಮೊದಲು ಕ್ಲಾಂಪ್ ಹಾಕಿ, ಆಮೇಲೆ ಕೆಳಗಿನ ಮೂಲ ನಾಳಕ್ಕೂ ಹೊರ ಕವಲಿಗೂ ಹಾಕುತ್ತೇವೆ. ಗೊಂಬೆಯ ಸದ್ದು ನಿಂತರೆ ತಡಮಾಡದೆ ಪ್ಲಾಸ್ಟಿಕ್ ಕೊಳವೆಯ ಮೂಲಕ ರಕ್ತ ಹರಿಸಬೇಕು. ಸದ್ದು ನಿಲ್ಲಲಿಲ್ಲ. ನಾಳವನ್ನು ಉದ್ದಕ್ಕೆ ಸೀಳಿದಾಗ ದಿಣ್ಣೆಯೊಳಗೆ ಕಂದುಬಣ್ಣದ ಹಳೆಯ ರಕ್ತಸ್ರಾವವೂ ಮೇಲ್ಮೈಯಲ್ಲಿ ಹುಣ್ಣಿನಂಥ ಬಿರುಕೂ ಕಂಡವು. ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಅದು ಗೋಡೆಯ ಪದರದಿಂದ ಬಿಟ್ಟುಬಂತು. ಮೇಲ್ತುದಿಯಲ್ಲಿ ಉಳಿದ ಪದರ ರಕ್ತದ ರಭಸಕ್ಕೆ ಎದ್ದು ನಾಳ ಮುಚ್ಚಬಾರದೆಂದು ಸಣ್ಣ ಹೊಲಿಗೆ ಹಾಕಿ, ಸೀಳನ್ನು ತೇಪೆಯಿಟ್ಟು ಹೊಲಿದೆವು. ಕ್ಲಾಂಪ್ ಬಿಡುವಾಗ ಮುಖದ ಕಡೆಗೆ ಹೋಗುವ ಹೊರ ಕವಲನ್ನು ಮೊದಲು ತೆರೆದು, ಮಿದುಳಿನ ಕವಲನ್ನು ಕೊನೆಗೆ ತೆರೆಯುತ್ತೇವೆ. ಗಾಳಿಗುಳ್ಳೆ, ಚೂರು ಏನಿದ್ದರೂ ಮುಖದ ಕಡೆಗೇ ಹೋಗಲಿ ಎಂದು.

ಶಸ್ತ್ರಚಿಕಿತ್ಸೆಯ ನಂತರ ನಾನು ಹೆಚ್ಚು ಅಂಜುವುದು ರಕ್ತದೊತ್ತಡಕ್ಕೆ. ಬಹುಕಾಲ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮಿದುಳಿಗೆ ಒಮ್ಮೆಲೇ ಪೂರ್ತಿ ರಕ್ತ ನುಗ್ಗಿದಾಗ ಅದೇ ಬದಿಯಲ್ಲಿ ತಲೆ ಸಿಡಿಯುವ ನೋವು, ಫಿಟ್ಸ್, ಕೆಲವೊಮ್ಮೆ ರಕ್ತಸ್ರಾವವೂ ಆಗಬಹುದು. ಆದ್ದರಿಂದ ಮೇಲಿನ ಒತ್ತಡವನ್ನು 140ರೊಳಗೆ ಇಡುತ್ತೇವೆ, ಮನೆಗೆ ಹೋದ ಮೇಲೂ ಕೆಲವು ವಾರ ಅಳೆಯಲು ಹೇಳುತ್ತೇವೆ. ಇವರಿಗೆ ಧ್ವನಿ ಸ್ವಲ್ಪ ಒಡೆದಿತ್ತು. ಧ್ವನಿಪೆಟ್ಟಿಗೆಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುವುದರಿಂದ ಎಳೆದಾಗ ಹೀಗಾಗುವುದುಂಟು. ಕೆಲವು ವಾರಗಳಲ್ಲಿ ಅದು ಸರಿಹೋಯಿತು.

ಅದೇ ತಿಂಗಳು, ಶೇ. 75 ಎಂಬ ವರದಿ ಹಿಡಿದು ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಹೆಲ್ತ್ ಚೆಕಪ್‌ನಲ್ಲಿ ಕಂಡದ್ದು; ಯಾವ ಲಕ್ಷಣವೂ ಎಂದೂ ಇರಲಿಲ್ಲ. ಅಂಕಿ ಹೆಚ್ಚುಕಡಿಮೆ ಒಂದೇ ಆದರೂ ಅವರನ್ನು ನಾನು ಶಸ್ತ್ರಚಿಕಿತ್ಸೆಗೆ ಕರೆಯಲಿಲ್ಲ. ಲಕ್ಷಣವೇ ಇಲ್ಲದವರಲ್ಲಿ ಲಾಭ ಚಿಕ್ಕದು, ಅದು ಕೈಗೆ ಸಿಗಲು ವರ್ಷಗಳು ಬೇಕು. ಶಸ್ತ್ರಚಿಕಿತ್ಸೆಯ ಅಪಾಯವನ್ನಾದರೋ ಮೊದಲ ದಿನವೇ ತೆರಬೇಕು. ಅವರಿಗೆ ಆಸ್ಪಿರಿನ್, ಸ್ಟಾಟಿನ್, ಬಿ.ಪಿ. ಮಾತ್ರೆ ಮತ್ತು ಆರು ತಿಂಗಳಿಗೊಮ್ಮೆ ಡಾಪ್ಲರ್ ಸಾಕೆಂದೆ. ಕೈ, ಮಾತು ಅಥವಾ ಕಣ್ಣಿಗೆ ಏನಾದರೂ ಆದರೆ, ಅದು ತಾನಾಗಿ ಸರಿಹೋದರೂ, ಅದೇ ದಿನ ಕರೆತರಬೇಕೆಂದು ಅವರ ಸೊಸೆಗೆ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟೆ.