ಮಾರ್ಚ್‌ನಲ್ಲಿ 3 ಲಕ್ಷ, ಆಗಸ್ಟ್‌ನಲ್ಲಿ ಕೈಸಾಲ

ಮಡಿಕೇರಿಯಲ್ಲಿ ಕೂತು ಇನ್‌ಸ್ಟಾಗ್ರಾಂನಲ್ಲಿ ದುಡ್ಡಿನ ಲೆಕ್ಕದ ಕ್ಯಾರೌಸೆಲ್, ಅಂದರೆ ಪಕ್ಕಕ್ಕೆ ಸರಿಸಿ ನೋಡುವ ಹಲವು ಸ್ಲೈಡ್‌ಗಳ ಪೋಸ್ಟ್, ಮಾಡುತ್ತೇನೆ. ಈಗಷ್ಟೇ ಉಳಿತಾಯ ಶುರು ಮಾಡುವವರಿಗೆ. ಕಾಫಿ ಬೆಳೆ ಮಾರಿ ಬಂದ ದುಡ್ಡನ್ನು ವರ್ಷವಿಡೀ ಹಂಚಿಕೊಳ್ಳುವ ಬಗ್ಗೆ ಮಾಡಿದ ಮೊದಲ ಕ್ಯಾರೌಸೆಲ್‌ನ ಕವರ್ ಮೇಲೆ ಹೀಗೆ ಬರೆದಿದ್ದೆ: ‘ಉಳಿತಾಯ ನಿರ್ವಹಣೆ: ಆರಂಭಿಕರಿಗೆ ಮಾರ್ಗದರ್ಶಿ’. ಯಾರೂ ನಿಲ್ಲಲಿಲ್ಲ. ನಿಲ್ಲೋದಾದರೂ ಯಾಕೆ? ಅದು ಪಠ್ಯಪುಸ್ತಕದ ಪಾಠದ ಹೆಸರು. ‘ಆರಂಭಿಕ’ ಅಂತ ತನ್ನನ್ನು ತಾನೇ ಯಾರು ಕರೆದುಕೊಳ್ಳುತ್ತಾರೆ?

ಸಿಟ್ಟಿಗೆ ‘ಕಾಫಿ ದುಡ್ಡು ಡಬಲ್ ಮಾಡುವ ಗುಟ್ಟು’ ಅಂತ ಬದಲಾಯಿಸಿದೆ. ಜನ ನಿಂತರು, ಆದರೆ ಬೇರೆ ಜನ. ಯಾವ ಷೇರು ತಗೊಳ್ಳಲಿ ಅಂತ ಕೇಳಿದರು. ಒಳಗಿದ್ದಿದ್ದು ತಿಂಗಳ ಖರ್ಚಿನ ಲೆಕ್ಕ. ಕವರ್ ಒಂದು ಹೇಳಿ ಒಳಗೆ ಇನ್ನೊಂದಿದ್ದರೆ ಎರಡನೇ ಸ್ಲೈಡ್‌ಗೇ ಓಡಿಹೋಗುತ್ತಾರೆ. ಅದನ್ನು ತೆಗೆದುಹಾಕಿದೆ.

ಸರಿಯಾದ ಸಾಲು ಸಿಕ್ಕಿದ್ದು ಸೋಮವಾರಪೇಟೆಯ ನಮ್ಮ ಭಾವನ ಬಾಯಲ್ಲಿ. ಜೋರು ಮಳೆ, ಫೋನ್‌ನಲ್ಲಿ ಹೇಳಿದರು: "ಮಾರ್ಚ್‌ನಲ್ಲಿ ಕಾಫಿ ಚೆರ್ರಿ ಮಾರಿದಾಗ ರಾಜನ ಹಾಗಿದ್ದೆ. ಈಗ ಕೈಸಾಲ ಕೇಳ್ತಿದ್ದೀನಿ ನೋಡು." ಅದನ್ನೇ ಎರಡು ಸಾಲಿಗೆ ಇಳಿಸಿದೆ:

ಮಾರ್ಚ್‌ನಲ್ಲಿ 3 ಲಕ್ಷ.
ಆಗಸ್ಟ್‌ನಲ್ಲಿ ಕೈಸಾಲ.

ಕೆಳಗೆ ಸಣ್ಣದಾಗಿ, ‘ಕಾಫಿ ದುಡ್ಡು 12 ತಿಂಗಳು ಬರೋ ಹಾಗೆ ಮಾಡೋದು’. ಮೇಲಿನದು ಓದುವವನ ಗಾಯ, ಕೆಳಗಿನದು ಒಳಗೆ ಏನಿದೆ ಅನ್ನೋ ಮಾತು. ‘ಉಳಿತಾಯ’ ಅನ್ನೋ ಪದವೇ ಇಲ್ಲ. ತಿಂಗಳ ಸಂಬಳದವರು ಇದನ್ನು ದಾಟಿ ಹೋಗುತ್ತಾರೆ, ಹೋಗಲಿ. ಇದು ಅವರಿಗಲ್ಲ.

ಎರಡನೇ ಸ್ಲೈಡ್‌ನಲ್ಲೇ ಲೆಕ್ಕ ಇಟ್ಟೆ. 3 ಲಕ್ಷದಲ್ಲಿ ತೋಟದ ಕೂಲಿ, ಗೊಬ್ಬರಕ್ಕೆ 1.2 ಲಕ್ಷ ಎತ್ತಿಡಬೇಕು. ಉಳಿದ 1.8 ಲಕ್ಷವನ್ನು 12ರಿಂದ ಭಾಗಿಸಿದರೆ ಮನೆಗೆ ತಿಂಗಳಿಗೆ 15,000. ಸ್ವೈಪ್ ಮಾಡದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಎರಡನೇ ಸ್ಲೈಡನ್ನೇ ಮತ್ತೆ ತೋರಿಸುತ್ತೆ. ಹಾಗಾಗಿ ಅದರ ಮೇಲೂ ‘3 ಲಕ್ಷ ಹೀಗೆ ಹಂಚಿ’ ಅಂತ ತಲೆಬರಹ ಹಾಕಿದೆ. ಕವರ್ ನೋಡದವರಿಗೂ ಅರ್ಥ ಆಗಬೇಕಲ್ವಾ.

ಕನ್ನಡದಲ್ಲಿ ಬರೆಯುವಾಗ ಇರುವ ಒಂದು ತಲೆನೋವು ಒತ್ತಕ್ಷರ. ಇಂಗ್ಲಿಷ್ ಟೆಂಪ್ಲೇಟ್‌ನಲ್ಲಿ ಸಾಲುಗಳ ನಡುವಿನ ಜಾಗ ಕಮ್ಮಿ. ನನ್ನ ಮೊದಲ ಸಾಲಿನ ‘ಲ್ಲಿ’ಯ ಒತ್ತು ಕೆಳಗಿನ ‘ಆಗಸ್ಟ್’ನ ತಲೆಗೆ ತಾಗುತ್ತಿತ್ತು. ಲೈನ್ ಸ್ಪೇಸಿಂಗ್ 1.4ಕ್ಕೆ ಏರಿಸಿದೆ, ತೆಳು ಫಾಂಟ್ ಬಿಟ್ಟು ದಪ್ಪ ಹಾಕಿದೆ. ಆಮೇಲೆ ಫೋನನ್ನು ಅಮ್ಮನ ಎದುರು ಒಂದು ಮಾರು ದೂರ ಹಿಡಿದು, ಒಂದು ಕ್ಷಣ ತೋರಿಸಿ ಮುಚ್ಚಿದೆ. "ಆಗಸ್ಟ್‌ನಲ್ಲಿ ಕೈಸಾಲ ಅಂತಿದೆ, ಯಾರಿಗೆ?" ಅಂದರು. ಪೋಸ್ಟ್ ಮಾಡಿದೆ.

ಈ ಸಲ ಸೇವ್ ಮಾಡಿಕೊಂಡವರು ಜಾಸ್ತಿ. ಭಾವ ಮಾತ್ರ ಫೋನ್ ಮಾಡಿ, "ಕರಿಮೆಣಸಿನ ದುಡ್ಡು ಲೆಕ್ಕಕ್ಕೇ ತಗೊಂಡಿಲ್ವಲ್ಲೋ" ಅಂದರು.