ಎಣ್ಣೆ ಚೆಲ್ಲಿದ ಟೈಲ್ಸ್: ಒರೆಸಿದ ಮೇಲೂ ಜಾರುವುದೇಕೆ?

ಅಡುಗೆಮನೆ ನೆಲಕ್ಕೆ ಎಣ್ಣೆ ಬಿದ್ದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಒದ್ದೆ ಬಟ್ಟೆಗೆ. ಎರಡು ಸಲ ಎಳೆದು ಒರೆಸುತ್ತೇವೆ. ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಸರಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಅಲ್ಲೇ ಕಾಲಿಟ್ಟರೆ ಜರ್ರನೆ ಜಾರುತ್ತದೆ. ವಿಚಿತ್ರವೆಂದರೆ, ಎಣ್ಣೆ ಬಿದ್ದದ್ದು ಅಂಗೈಯಗಲ ಜಾಗದಲ್ಲಿ. ಈಗ ಒಲೆಯ ಮುಂದಿನಿಂದ ಸಿಂಕ್‌ವರೆಗೂ ನೆಲ ಜಾರುತ್ತಿದೆ!

ನೀರಿನಲ್ಲಿ ಎಣ್ಣೆ ಕರಗುವುದಿಲ್ಲ. ಬರೀ ಒದ್ದೆ ಬಟ್ಟೆ ಎಣ್ಣೆಯನ್ನು ಎತ್ತುವುದಕ್ಕಿಂತ ಸವರುವುದೇ ಜಾಸ್ತಿ. ಹಾಗೆ ಸವರಿದ ಎಣ್ಣೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಟೈಲ್ ಮೇಲೆ ಉಳಿಯುತ್ತದೆ. ಅಂಗಾಲು ಮುಟ್ಟುವುದು ಆ ಪದರವನ್ನು, ಟೈಲನ್ನಲ್ಲ. ಜಾರುವುದಕ್ಕೆ ಅಷ್ಟು ಸಾಕು. ಹಾಗಾಗಿ ಎಣ್ಣೆ ಬಿದ್ದಾಗ ಮೊದಲು ಒಣಗಿದ ವಸ್ತುವಿನಿಂದ ಹೀರಿಸಬೇಕು, ಆಮೇಲೆ ಸೋಪಿನ ನೀರು, ಕೊನೆಗೆ ಬರೀ ನೀರು. ಈ ಕ್ರಮ ತಪ್ಪಿದರೆ ಎಷ್ಟು ತಿಕ್ಕಿದರೂ ಅಷ್ಟೇ.

ಅರ್ಧ ಕಪ್ ಎಣ್ಣೆ ಚೆಲ್ಲಿದೆ ಅಂದುಕೊಳ್ಳಿ

ಬಾಣಲೆಯ ಹಿಡಿಗೆ ಕೈ ತಗುಲಿ ಒಲೆಯ ಕೆಳಗೆ ಸುಮಾರು ಅರ್ಧ ಕಪ್ ಎಣ್ಣೆ ಚೆಲ್ಲಿತು. ಮೊದಲು ಒಲೆ ಆರಿಸಿ. ಮಕ್ಕಳು, ಮನೆಯ ಬೆಕ್ಕು ನಾಯಿ ಆ ಕಡೆ ಬಾರದಂತೆ ನೋಡಿಕೊಳ್ಳಿ. ನಿಮ್ಮ ಚಪ್ಪಲಿಗೆ ಎಣ್ಣೆ ಮೆತ್ತಿದ್ದರೆ ಅಲ್ಲೇ ಬಿಚ್ಚಿಡಿ, ಇಲ್ಲವಾದರೆ ಪ್ರತಿ ಹೆಜ್ಜೆಗೂ ಎಣ್ಣೆಯನ್ನು ನೀವೇ ಹೊತ್ತು ಹಂಚುತ್ತೀರಿ. ಎಣ್ಣೆ ಬಿಸಿಯಿದ್ದರೆ ಆರುವವರೆಗೆ ಮುಟ್ಟಬೇಡಿ. ಬಿಸಿ ಎಣ್ಣೆಗೆ ನೀರು ಬಿದ್ದರೆ ಸಿಡಿಯುತ್ತದೆ.

ಆರಿದ ಮೇಲೆ ಹಳೆಯ ಪೇಪರ್ ಅಥವಾ ಟಿಶ್ಯೂ ತಗೊಂಡು ಎಣ್ಣೆಯ ಅಂಚಿನ ಸುತ್ತ ಹಾಕಿ, ಅಲ್ಲಿಂದ ನಡುವಿಗೆ ಬನ್ನಿ. ನಡುವಿನಿಂದ ಹೊರಗೆ ಒರೆಸಿದರೆ ಕಲೆ ದೊಡ್ಡದಾಗುತ್ತದೆ. ಪೇಪರ್ ಮೇಲೆ ಅಂಗೈಯಿಂದ ಒತ್ತಿ ಎತ್ತಿ, ಉಜ್ಜಬೇಡಿ. ನಾಲ್ಕೈದು ಸಲ ಪೇಪರ್ ಬದಲಾಯಿಸುವಷ್ಟರಲ್ಲಿ ಹೆಚ್ಚಿನ ಎಣ್ಣೆ ಮೇಲೆ ಬಂದಿರುತ್ತದೆ.

ಈಗ ಪುಡಿಯ ಸರದಿ. ಅಡುಗೆ ಸೋಡಾ ಅಥವಾ ಯಾವುದಾದರೂ ನುಣ್ಣನೆಯ ಹಿಟ್ಟನ್ನು ಎಣ್ಣೆ ಕಾಣದ ಹಾಗೆ ಉದುರಿಸಿ, ಹತ್ತು ನಿಮಿಷ ಬಿಡಿ. ಮರದ ಪುಡಿ ಇದ್ದರೆ ಅದೂ ಆಗುತ್ತದೆ. ಹಿಟ್ಟು ಬಳಸುವುದಾದರೆ ಹತ್ತಿರ ಉರಿ ಇರಬಾರದು, ಗಾಳಿಯಲ್ಲಿ ಹಾರಿದ ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಪುಡಿ ಎಣ್ಣೆ ಹೀರಿ ಉಂಡೆಯಾದಾಗ ಗಟ್ಟಿ ರಟ್ಟಿನ ತುಂಡಿನಿಂದ ಕೆರೆದು ಎತ್ತಿ. ಮೇಲೆ ಬಿಳಿಯಾಗಿಯೇ ಉಳಿದಿದ್ದರೆ ಹೀರಿದ್ದು ಸಾಕಾಗಿದೆ ಅಂತ ಅರ್ಥ. ಎಲ್ಲವೂ ಎಣ್ಣೆ ಬಣ್ಣಕ್ಕೆ ತಿರುಗಿದ್ದರೆ ಇನ್ನೊಂದು ಸಲ ಹಾಕಿ. ಹಿಟ್ಟು ಪೂರ್ತಿ ಎತ್ತುವ ಮೊದಲು ನೀರು ತಾಗಿಸಬೇಡಿ, ಅಂಟಾಗಿ ಟೈಲ್ ಸಂದಿಗಳಲ್ಲಿ ಕೂತುಬಿಡುತ್ತದೆ. ಕೆರೆದ ಪುಡಿ, ಪೇಪರ್ ಎಲ್ಲ ಕಸಕ್ಕೆ ಹೋಗಲಿ. ಸಿಂಕ್‌ಗೆ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ಇಷ್ಟಾದ ಮೇಲೂ ತೆಳು ಪದರ ಇದ್ದೇ ಇರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ನಾಲ್ಕೈದು ಹನಿ ಅಲ್ಲಿಗೇ ಹಾಕಿ, ಕೊಂಚ ಒದ್ದೆ ಮಾಡಿದ ಸ್ಪಂಜಿನಿಂದ ಹರಡಿ ಐದು ನಿಮಿಷ ಬಿಡಿ. ಈ ಐದು ನಿಮಿಷವನ್ನು ಎಲ್ಲರೂ ಹಾರಿಸುವುದು, ಆದರೆ ಅಸಲಿ ಕೆಲಸ ಆಗುವುದು ಆಗಲೇ. ಲಿಕ್ವಿಡ್‌ನ ಕಣಗಳಿಗೆ ಒಂದು ತುದಿ ಎಣ್ಣೆಗೆ ಅಂಟುವಂಥದ್ದು, ಇನ್ನೊಂದು ತುದಿ ನೀರಿಗೆ ಅಂಟುವಂಥದ್ದು. ಅವು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನ ಜೊತೆ ಹೋಗುವಂತೆ ಮಾಡುತ್ತವೆ. ಅದಕ್ಕೆ ಸ್ವಲ್ಪ ಸಮಯ ಬೇಕು. ಹಾಗಂತ ಒಣಗಲು ಬಿಡಬೇಡಿ. ಟೈಲ್‌ಗಳ ನಡುವಿನ ಗ್ರೌಟ್ ಸಿಮೆಂಟಿನದ್ದಾದರೆ ಎಣ್ಣೆಯನ್ನು ಒಳಗೆ ಕುಡಿದಿರುತ್ತದೆ. ಅಲ್ಲಿ ಹಳೆಯ ಟೂತ್‌ಬ್ರಷ್ ಹಿಡಿದು ಸಂದಿಯ ಉದ್ದಕ್ಕೂ ತಿಕ್ಕಿ.

ನೊರೆಯನ್ನು ಅತ್ತಿತ್ತ ತಳ್ಳಬೇಡಿ, ಒಣ ಬಟ್ಟೆಯಿಂದ ಹೀರಿಸಿ ಎತ್ತಿ. ಎಣ್ಣೆ ಈಗ ಇರುವುದು ಆ ನೊರೆಯಲ್ಲೇ. ನಂತರ ಬೆಚ್ಚಗಿನ ಬರೀ ನೀರಿನಲ್ಲಿ ಬೇರೆ ಬಟ್ಟೆ ಅದ್ದಿ ಹಿಂಡಿ ಒರೆಸಿ. ನೀರು ಬದಲಾಯಿಸಿ ಮತ್ತೊಂದು ಸಲ ಒರೆಸಿ. ಕೊನೆಗೆ ಒಣ ಬಟ್ಟೆ.

ಹೋಯಿತೋ ಇಲ್ಲವೋ ನೋಡುವುದು ಹೇಗೆ?

ಕಣ್ಣನ್ನು ನಂಬಬೇಡಿ. ಬಿಳಿ ಟಿಶ್ಯೂವನ್ನು ಒಣಗಿದ ಟೈಲ್ ಮೇಲೆ ಗಟ್ಟಿಯಾಗಿ ಒತ್ತಿ ಎಳೆಯಿರಿ, ಆಮೇಲೆ ಬೆಳಕಿಗೆ ಹಿಡಿಯಿರಿ. ಕಾಗದ ಎಣ್ಣೆ ಹಚ್ಚಿದಂತೆ ಪಾರದರ್ಶಕವಾಗಿದ್ದರೆ ಜಿಡ್ಡು ಇನ್ನೂ ಇದೆ. ಹೊಳಪಿನ ಟೈಲ್‌ನಲ್ಲಿ ಇನ್ನೊಂದು ಸುಲಭದ ದಾರಿ ಇದೆ. ಎಣ್ಣೆ ಬೀಳದ ಮೂಲೆಯಲ್ಲಿ ಒಂದು ಹನಿ ನೀರು, ತೊಳೆದ ಜಾಗದಲ್ಲಿ ಒಂದು ಹನಿ ಹಾಕಿ ಹೋಲಿಸಿ. ಸ್ವಚ್ಛ ಟೈಲ್ ಮೇಲೆ ಹನಿ ಚಪ್ಪಟೆಯಾಗಿ ಹರಡುತ್ತದೆ, ಜಿಡ್ಡಿನ ಮೇಲೆ ಗುಂಡಗೆ ನಿಲ್ಲುತ್ತದೆ. ಸೀಲರ್ ಹಚ್ಚಿದ ಟೈಲ್‌ಗೆ ಇದು ಸಲ್ಲದು, ಅಲ್ಲಿ ಎಣ್ಣೆ ಇಲ್ಲದಿದ್ದರೂ ಹನಿ ಗುಂಡಗೇ ಇರುತ್ತದೆ.

ಟಿಶ್ಯೂನಲ್ಲಿ ಜಿಡ್ಡು ಇಲ್ಲ, ಆದರೂ ಒದ್ದೆ ಕಾಲಿಟ್ಟರೆ ಮಾತ್ರ ನೆಲ ಜಾರುತ್ತದೆ ಅಂದರೆ ಸಂಶಯ ಪಡಬೇಕಾದದ್ದು ಸೋಪನ್ನು. ಒದ್ದೆ ಬೆರಳಿನಿಂದ ಉಜ್ಜಿ ನೋಡಿ, ನೊರೆ ಬಂದರೆ ಸೋಪು ಉಳಿದಿದೆ.

ಸೋಪು ಜಾಸ್ತಿ ಆದರೂ ಕಷ್ಟ

ದಿನಾ ನೆಲ ಒರೆಸುವಾಗ ಆಗುವ ತಪ್ಪು ಇದೇ. ಜಿಡ್ಡು ಜಾಸ್ತಿ ಇದೆ ಅಂತ ಬಕೆಟ್‌ಗೆ ಲಿಕ್ವಿಡ್ ಸುರಿಯುತ್ತೇವೆ. ತೊಳೆದು ಹೋಗದ ಲಿಕ್ವಿಡ್ ನೆಲದ ಮೇಲೆ ಒಣಗಿ ಕೂರುತ್ತದೆ. ಒಣಗಿದ್ದಾಗ ಕಾಲಿಗೆ ತುಸು ಅಂಟಂಟು, ನೀರು ಬಿದ್ದರೆ ಮತ್ತೆ ಸೋಪೇ ಆಗಿ ಜಾರುತ್ತದೆ. ಅದರ ಮೇಲೆ ಧೂಳೂ ಬೇಗ ಕೂರುತ್ತದೆ. ನೆಲ ಮತ್ತೆ ಕೊಳೆಯಾಯಿತು ಅಂತ ಇನ್ನೂ ಜಾಸ್ತಿ ಲಿಕ್ವಿಡ್ ಹಾಕುತ್ತೇವೆ, ಅಲ್ವಾ?

ಐದು ಲೀಟರ್ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಟೀ ಚಮಚ ಸಾಕು. ನೆಲ ತೊಳೆಯುವ ಲಿಕ್ವಿಡ್ ಆದರೆ ಬಾಟಲಿಯ ಮೇಲೆ ಬರೆದಷ್ಟೇ ಹಾಕಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಮಾಪನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಾಡಿ ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಿ. ಒಂದೇ ಬಕೆಟ್ ಆದರೆ ಎತ್ತಿದ ಎಣ್ಣೆ ಅದೇ ನೀರಿನಲ್ಲಿ ಸೇರಿ ಮಾಪಿನ ಮೂಲಕ ಮತ್ತೆ ನೆಲಕ್ಕೇ ಬರುತ್ತದೆ. ನೀರಿನ ಮೇಲೆ ಬಣ್ಣ ಬಣ್ಣದ ತೆಳು ಪೊರೆ ಕಂಡ ತಕ್ಷಣ ಚೆಲ್ಲಿ ಹೊಸ ನೀರು ಹಿಡಿಯಿರಿ. ಮುಗಿದ ಮೇಲೆ ಒಂದು ಸಲ ಬರೀ ನೀರಿನಲ್ಲಿ ಒರೆಸುವುದನ್ನು ಬಿಡಬೇಡಿ.

ಮಾಪಿನ ಮೇಲೂ ಒಂದು ಕಣ್ಣಿರಲಿ. ಒಣಗಿದ ಮಾಪ್ ಮೂಸಿದಾಗ ಕಮಟು ಎಣ್ಣೆ ವಾಸನೆ ಬಂದರೆ ಅದರಲ್ಲಿ ಎಷ್ಟು ಒರೆಸಿದರೂ ದಂಡ. ಬಿಸಿ ನೀರಿಗೆ ಬಟ್ಟೆ ಒಗೆಯುವ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಒಗೆಯಿರಿ, ಬಿಸಿಲಿಗೆ ಹಾಕಿ. ಅಡುಗೆಮನೆಗೆ ಬೇರೆ ಮಾಪ್ ಇದ್ದರೆ ಉಳಿದ ಕೋಣೆಗಳಿಗೆ ಜಿಡ್ಡು ಹೋಗುವುದಿಲ್ಲ.

ಹಳೆಯ ಅಂಟು ಜಿಡ್ಡು

ಒಲೆಯ ಬುಡದಲ್ಲಿ, ಕಪಾಟಿನ ಕೆಳಗಿನ ಅಂಚಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಅಂಟು ಇರುತ್ತದಲ್ಲ, ಅದು ಬೇರೆಯೇ ಕತೆ. ಸಿಡಿದ ಎಣ್ಣೆ ಗಾಳಿಗೂ ಕಾವಿಗೂ ಬಹಳ ದಿನ ತೆರೆದುಕೊಂಡರೆ ಗೋಂದಿನಂತೆ ಗಟ್ಟಿಯಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದಕ್ಕೇ ಅದು ಬಗ್ಗುವುದಿಲ್ಲ. ಇಲ್ಲಿ ವಾಷಿಂಗ್ ಸೋಡಾ ಬೇಕು. ಅಡುಗೆ ಸೋಡಾ ಅಲ್ಲ, ಅದು ತೀರಾ ಸೌಮ್ಯ.

ಐದು ಲೀಟರ್ ಬಿಸಿ ನೀರಿಗೆ ಎರಡು ಟೇಬಲ್ ಚಮಚ ವಾಷಿಂಗ್ ಸೋಡಾ ಕರಗಿಸಿ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಉರಿಯುತ್ತದೆ. ಜಿಡ್ಡಿನ ಮೇಲೆ ಹಚ್ಚಿ ಐದರಿಂದ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಆಮೇಲೆ ನೈಲಾನ್ ಬ್ರಷ್‌ನಲ್ಲಿ ತಿಕ್ಕಿ. ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರು ಬೀಳುತ್ತದೆ, ಗೀರಿನಲ್ಲಿ ಮುಂದಿನ ಜಿಡ್ಡು ಹಾಯಾಗಿ ಕೂರುತ್ತದೆ. ಸೋಡಾದ ನೀರನ್ನು ಎರಡು ಸಲವಾದರೂ ತೊಳೆದು ತೆಗೆಯಬೇಕು, ಇಲ್ಲವಾದರೆ ಬಿಳಿ ಪುಡಿ ಉಳಿಯುತ್ತದೆ. ಈ ವಿಧಾನ ಸೆರಾಮಿಕ್, ವಿಟ್ರಿಫೈಡ್ ಟೈಲ್‌ಗಳಿಗೆ. ಅಮೃತಶಿಲೆಯಂಥ ಕಲ್ಲಿನ ನೆಲಕ್ಕೆ ಬೇಡ. ಅಲ್ಯೂಮಿನಿಯಂ ಪಾತ್ರೆ, ಪಟ್ಟಿಗಳಿಗೂ ತಾಗಿಸಬೇಡಿ, ಕಪ್ಪಾಗುತ್ತವೆ.

ವಿನಿಗರ್, ನಿಂಬೆರಸ ಹಾಕಿ ಅಂತ ಹೇಳುವವರು ಬಹಳ. ಅವು ನೀರಿನ ಬಿಳಿ ಕಲೆಗೆ ಸರಿ, ಎಣ್ಣೆಗೆ ಅಷ್ಟಕ್ಕಷ್ಟೇ. ಮೇಲಾಗಿ ಹುಳಿ ಸಿಮೆಂಟ್ ಗ್ರೌಟನ್ನೂ ಅಮೃತಶಿಲೆಯನ್ನೂ ತಿನ್ನುತ್ತದೆ. ಬ್ಲೀಚ್ ಕಲೆಯ ಬಣ್ಣ ತೆಗೆಯುತ್ತದೆ, ಜಿಡ್ಡು ಬಿಡಿಸುವುದಲ್ಲ ಅದರ ಕೆಲಸ. ಬ್ಲೀಚ್ ಜೊತೆ ಆಸಿಡ್ ಇರುವ ಕ್ಲೀನರ್ ಆಗಲಿ ವಿನಿಗರ್ ಆಗಲಿ ಸೇರಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ಒಟ್ಟಿಗೆ ಬಳಸಲೇಬಾರದು.

ಮತ್ತೆ ಜಾರದಂತೆ

ಚೆಲ್ಲಿದ ಎಣ್ಣೆ ಕಾಣುತ್ತದೆ. ಕಾಣದೆ ಸೇರುವುದು ಸಿಡಿದ ಹನಿಗಳು. ಕರಿಯುವಾಗ ಬಾಣಲೆಯ ಮೇಲೆ ಜಾಲರಿ ಇಟ್ಟರೆ ಅರ್ಧ ಕೆಲಸ ಉಳಿಯಿತು. ಕರಿದ ದಿನವೇ ಒಲೆಯ ಮುಂದಿನ ನಾಲ್ಕೈದು ಟೈಲ್‌ಗಳನ್ನು ಸೋಪಿನ ಬಟ್ಟೆ, ಆಮೇಲೆ ನೀರಿನ ಬಟ್ಟೆ, ಹೀಗೆ ಒರೆಸಿಬಿಟ್ಟರೆ ವಾಷಿಂಗ್ ಸೋಡಾ ಬೇಕಾಗುವ ಸಂದರ್ಭ ಕಡಿಮೆ. ಎಣ್ಣೆ ಡಬ್ಬಿಯ ಕೆಳಗೆ ಒಂದು ತಟ್ಟೆ ಇರಲಿ. ಒಲೆಯ ಮುಂದೆ ಮ್ಯಾಟ್ ಹಾಕುವುದಾದರೆ ತಳಕ್ಕೆ ರಬ್ಬರ್ ಇರುವುದನ್ನೇ ಹಾಕಿ, ವಾರಕ್ಕೊಮ್ಮೆಯಾದರೂ ಎತ್ತಿ ಕೆಳಗೆ ಒರೆಸಿ. ಎಣ್ಣೆ ಮ್ಯಾಟ್ ಅಡಿಗೆ ಇಳಿದರೆ ಮ್ಯಾಟೇ ಜಾರುತ್ತದೆ, ಅದು ಬರೀ ನೆಲಕ್ಕಿಂತ ಅಪಾಯ.

ಹೊಳಪು ಬರಲಿ ಅಂತ ಪಾಲಿಶ್, ವ್ಯಾಕ್ಸ್ ಹಚ್ಚಬೇಡಿ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಟೈಲ್ ಹಾಕಿಸಿದ್ದೇವೆ, ಇನ್ನು ಚಿಂತೆ ಇಲ್ಲ ಅಂತಲೂ ಸುಮ್ನೆ ಕೂರುವಂತಿಲ್ಲ. ಅದರ ಹಿಡಿತ ಇರುವುದೇ ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳಲ್ಲಿ. ತಗ್ಗುಗಳು ಜಿಡ್ಡಿನಿಂದ ತುಂಬಿದರೆ ಅದೂ ನುಣುಪೇ. ಅಂಥ ಟೈಲ್‌ಗೆ ಮಾಪ್ ಸಾಲದು, ಆಗಾಗ ಬ್ರಷ್ ಹಾಕಲೇಬೇಕು.

ತೊಳೆದು, ಒಣಗಿಸಿ, ಟಿಶ್ಯೂ ಎಳೆದು, ಒದ್ದೆ ಬೆರಳಿನಿಂದ ಉಜ್ಜಿ ಸೋಪೂ ಉಳಿದಿಲ್ಲ ಅಂತ ನೋಡಿದ ಮೇಲೂ ನೀರು ಬಿದ್ದಾಗಲೆಲ್ಲ ಜಾರುತ್ತಿದ್ದರೆ ದೋಷ ಟೈಲ್‌ನದ್ದೇ. ಪಾಲಿಶ್ ಮಾಡಿದ ಟೈಲ್ ಒದ್ದೆಯಾದರೆ ಜಾರುವಂಥದ್ದೇ. ಮೇಲ್ಮೈಯನ್ನು ಸಣ್ಣಗೆ ಒರಟು ಮಾಡುವ ಆಂಟಿ ಸ್ಲಿಪ್ ದ್ರವಗಳು ಸಿಗುತ್ತವೆ. ಅವು ಹೊಳಪನ್ನು ಕುಗ್ಗಿಸಬಹುದು, ಹಾಗಾಗಿ ಉಳಿದಿರುವ ಒಂದು ಬಿಡಿ ಟೈಲ್ ಮೇಲೆ ಮೊದಲು ಹಚ್ಚಿಸಿ ನೋಡಿ. ಜಿಡ್ಡು ಪೂರ್ತಿ ತೆಗೆಯದೆ ಹಚ್ಚಿದರೆ ಎಣ್ಣೆ ಇದ್ದ ಕಡೆ ದ್ರವ ಹಿಡಿಯುವುದಿಲ್ಲ, ನೆಲ ಮಚ್ಚೆ ಮಚ್ಚೆಯಾಗುತ್ತದೆ.