ತಲೆಗೆ ಹಚ್ಚುವ ಸ್ಟೀರಾಯ್ಡ್ ಲೋಷನ್ ಬಿಡುವುದು ಹೇಗೆ? ಮೊದಲು ಖಾಲಿ ಬಾಟಲಿ ಎಣಿಸಿ

ಬಾಗಲಕೋಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಚೀಟಿ ತರುವವರಿಗಿಂತ ಖಾಲಿ ಬಾಟಲಿ ತಂದು ಕೌಂಟರ್ ಮೇಲೆ ಇಟ್ಟು "ಇದ ಕೊಡ್ರಿ" ಅನ್ನುವವರೇ ಜಾಸ್ತಿ. ಬನಶಂಕರಿ ಜಾತ್ರೆ ಮುಗಿದ ವಾರ ಗುಳೇದಗುಡ್ಡದ ಕಡೆಯ ಅಕ್ಕಾರೊಬ್ಬರು ಹಾಗೇ ಬಂದರು. ಖಣ ನೇಯುವ ಮನೆಯವರು. ತಂದಿದ್ದು ಕ್ಲೊಬೆಟಾಸೋಲ್ ಎಂಬ ಸ್ಟೀರಾಯ್ಡ್ ಲೋಷನ್ನಿನ 30 ಮಿಲಿ ಬಾಟಲಿ. ತಲೆಯಲ್ಲಿ ಸೋರಿಯಾಸಿಸ್ ಎಂಬ ಹೊಟ್ಟೇಳುವ ಚರ್ಮರೋಗ ಇದೆ ಎಂದು ಡಾಕ್ಟರ್ ಎರಡು ವಾರಕ್ಕೆ ಬರೆದುಕೊಟ್ಟಿದ್ದರು, ಇವರು ಹದಿನಾಲ್ಕು ತಿಂಗಳಿಂದ ಹಚ್ಚುತ್ತಿದ್ದರು. ಅದರಲ್ಲಿ ಕೆಲವು ಬಾಟಲಿ ನನ್ನ ಅಂಗಡಿಯಿಂದಲೇ ಹೋಗಿದ್ದವು. ಕೇಳದೆ ಕೊಟ್ಟಿದ್ದು ನನ್ನದೇ ತಪ್ಪು.

ಆವತ್ತು ಸೆರಗು ಸ್ವಲ್ಪ ಜಾರಿತು, ಹಣೆ ಕಂಡಿತು. ಕೂದಲಂಚಿನ ಕೆಳಗೆ ಚರ್ಮ ಹೊಳೆಯುತ್ತಿತ್ತು, ಹಣೆಯ ಪಕ್ಕದಲ್ಲಿ ಕೆಂಪು ದಾರದ ಎಳೆಗಳಂತೆ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಅವರು ಹಣೆಗೆ ಲೋಷನ್ ಹಚ್ಚಿಯೇ ಇರಲಿಲ್ಲ.

ಹಚ್ಚದ ಜಾಗ ಯಾಕೆ ತೆಳುವಾಯಿತು?

ಲೋಷನ್ ನೀರಿನ ಹಾಗೆ ಹರಿಯುತ್ತದೆ. ನೆತ್ತಿಗೆ ಹಾಕಿದ್ದು ಹಣೆಗೆ, ಕಿವಿಯ ಹಿಂದಕ್ಕೆ, ಕತ್ತಿನ ಹಿಂಭಾಗಕ್ಕೆ ಇಳಿಯುತ್ತದೆ. ನೆತ್ತಿಯ ಚರ್ಮ ದಪ್ಪ, ಸ್ವಲ್ಪ ತಡೆದುಕೊಳ್ಳುತ್ತದೆ. ಹಣೆ ಹಾಗಲ್ಲ. 1967ರಲ್ಲೇ ಅಮೆರಿಕದಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಚ್ಚಿ ಅಳೆದು ನೋಡಿದ್ದಾರೆ. ಮುಂಗೈಗಿಂತ ನೆತ್ತಿ ಸುಮಾರು ಮೂರೂವರೆ ಪಟ್ಟು, ಹಣೆ ಸುಮಾರು ಆರು ಪಟ್ಟು ಔಷಧಿ ಹೀರಿಕೊಂಡಿತ್ತು. ಕ್ಲೊಬೆಟಾಸೋಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಜೋರಿನ ಗುಂಪಿನದು, ಅದು ದಿನಾ ಹಣೆಗೆ ಇಳಿದರೆ ಏನಾಗಬೇಡ?

ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ಅದಕ್ಕೇ ಅದನ್ನು ಕೊಡುವುದು. ಜೊತೆಗೆ ಚರ್ಮದೊಳಗೆ ಕೊಲ್ಯಾಜನ್ ತಯಾರಾಗುವುದನ್ನೂ ತಗ್ಗಿಸುತ್ತದೆ. ಕೊಲ್ಯಾಜನ್ ಅಂದರೆ ಚರ್ಮದ ನೇಯ್ಗೆಯ ದಾರ ಅಂದುಕೊಳ್ಳಿ. ಹಳೆ ದಾರ ಸವೆಯುತ್ತದೆ, ಹೊಸದು ಬರುವುದಿಲ್ಲ, ಬಟ್ಟೆ ತೆಳುವಾಗುತ್ತದೆ.

ಮೊದಲ ಕೆಲಸ: ಲೆಕ್ಕ

ಅಕ್ಕಾರಿಗೆ 30 ಮಿಲಿ ಬಾಟಲಿ ಇಪ್ಪತ್ತು ದಿನಕ್ಕೆ ಮುಗಿಯುತ್ತಿತ್ತು. ಅಂದರೆ ದಿನಕ್ಕೆ ಒಂದೂವರೆ ಮಿಲಿ, ವಾರಕ್ಕೆ ಸುಮಾರು 10 ಮಿಲಿ. ಕ್ಲೊಬೆಟಾಸೋಲಿಗೆ ವಾರಕ್ಕೆ 50 ಮಿಲಿ ದಾಟಬಾರದು ಎಂಬ ಮಿತಿ ಇದೆ. ಅದಕ್ಕೆ ಹೋಲಿಸಿದರೆ ಇವರದು ಏನೂ ಅಲ್ಲ, ಅಲ್ವಾ? ಆದರೆ ಹದಿನಾಲ್ಕು ತಿಂಗಳಿಗೆ ಇಪ್ಪತ್ತೊಂದು ಬಾಟಲಿ ಆಯಿತು. ದಿನಾ ಹಚ್ಚುವುದಕ್ಕೆ ಎರಡು ವಾರ, ತೀರಾ ಅಂದರೆ ನಾಲ್ಕು ವಾರ. ಇವರು ಪ್ರಮಾಣದಲ್ಲಿ ತಪ್ಪಿರಲಿಲ್ಲ, ಕಾಲದಲ್ಲಿ ತಪ್ಪಿದ್ದರು. ಬಹಳ ಜನರ ಕಥೆ ಇದೇ.

ಹಾಗಾಗಿ ಡಾಕ್ಟರ್ ಹತ್ತಿರ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಬಾಟಲಿಯ ಮೇಲಿರುವ ಔಷಧಿಯ ಹೆಸರು, ಎಷ್ಟು ದಿನಕ್ಕೆ ಒಂದು ಮುಗಿಯುತ್ತದೆ, ಎಂದಿನಿಂದ ಹಚ್ಚುತ್ತಿದ್ದೀರಿ. ಕಂಪನಿ ಇಟ್ಟ ಹೆಸರು ಬೇಡ, ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವ ಔಷಧಿಯ ಹೆಸರು ಬೇಕು. ಕೆಲವದರಲ್ಲಿ ಸ್ಟೀರಾಯ್ಡ್ ಜೊತೆ ಸ್ಯಾಲಿಸಿಲಿಕ್ ಆಸಿಡ್ ಸೇರಿರುತ್ತದೆ. ಅದು ಹೊಟ್ಟು ಕರಗಿಸುತ್ತದೆ, ಸ್ಟೀರಾಯ್ಡನ್ನು ಇನ್ನೂ ಒಳಗೆ ಇಳಿಸುತ್ತದೆ.

ಎರಡನೆಯದು: ಕನ್ನಡಿ

ಬೆಳಕಿಗೆ ನಿಂತು ಕೂದಲಂಚು ನೋಡಿ. ಕಿವಿ ಹಿಂದೆ, ಕತ್ತಿನ ಹಿಂದೆ ಮನೆಯವರಿಂದ ಫೋನಿನಲ್ಲಿ ಫೋಟೋ ತೆಗೆಸಿ. ಚರ್ಮವನ್ನು ಮೆಲ್ಲಗೆ ಚಿವುಟಿದಾಗ ಉಳ್ಳಾಗಡ್ಡಿ ಪೊರೆಯ ಹಾಗೆ ಸಣ್ಣ ಸಣ್ಣ ಸುಕ್ಕು ಬಂದರೆ, ಕೆಂಪು ಎಳೆ ಕಂಡರೆ, ಬಾಚಣಿಗೆ ತಾಗಿದರೂ ರಕ್ತ ಬಂದರೆ ಚರ್ಮ ತೆಳುವಾಗಿದೆ. ಹಣೆಯಂಚಿನಲ್ಲಿ ಒಂದೇ ಥರದ ಸಣ್ಣ ಮೊಡವೆ ಸಾಲಾಗಿ ಎದ್ದಿದ್ದರೆ ಅದೂ ಇದರ ಕೆಲಸ ಇರಬಹುದು. ಸೋರಿಯಾಸಿಸ್ಸಿನ ಕಲೆ ಬೇರೆ ಥರ. ಅದು ದಪ್ಪ, ಅಂಚು ಕೈಗೆ ಸಿಗುತ್ತದೆ, ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಕೂತಿರುತ್ತದೆ. ಕತ್ತಿನ ಮೇಲೆ ಉಂಗುರದ ಹಾಗೆ ಹರಡುತ್ತಿದ್ದರೆ ಗಜಕರ್ಣ ಇರಬಹುದು, ಸ್ಟೀರಾಯ್ಡ್ ಅದನ್ನು ಮರೆಮಾಚಿ ಬೆಳೆಸುತ್ತದೆ.

ಮೂರನೆಯದು: ಇಳಿಸುವುದು

ತಟ್ಟನೆ ಬಿಟ್ಟರೆ ಏನಾಗುತ್ತದೆ? ಇಷ್ಟು ದಿನ ಬಿಗಿಹಿಡಿದಿದ್ದ ರಕ್ತನಾಳಗಳು ಒಮ್ಮೆಲೇ ಅಗಲವಾಗುತ್ತವೆ, ಅದುಮಿಟ್ಟ ಉರಿಯೂತ ಪುಟಿದು ಬರುತ್ತದೆ. ಆಗ ಗಾಬರಿಯಾಗಿ ಮತ್ತೆ ಹಚ್ಚುತ್ತಾರೆ. ಇಳಿಸುವುದೆಂದರೆ ಲೋಷನ್ನಿಗೆ ನೀರೋ ಎಣ್ಣೆಯೋ ಬೆರೆಸುವುದಲ್ಲ. ಹಾಗೆ ಬೆರೆಸಿದರೆ ಎಷ್ಟು ಔಷಧಿ ಹೋಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಇಳಿಸಬೇಕಾದದ್ದು ದಿನಗಳನ್ನು. ಅದೂ ಕಲೆ ಚಪ್ಪಟೆಯಾದ ಮೇಲೆ. ಕಲೆ ಇನ್ನೂ ದಪ್ಪ ಇರುವಾಗಲೇ ಇಳಿಸಲು ಹೋದರೆ ಅರ್ಧಕ್ಕೇ ಕೆಡುತ್ತದೆ.

ಅಕ್ಕಾರನ್ನು ಚರ್ಮದ ಡಾಕ್ಟರ್ ಹತ್ತಿರ ಕಳಿಸಿದೆ. ಅವರು ಬರೆದ ಚೀಟಿ ಹೀಗಿತ್ತು. ಮೊದಲ ಎರಡು ವಾರ ಕ್ಲೊಬೆಟಾಸೋಲ್ ರಾತ್ರಿ ಒಮ್ಮೆ ಮಾತ್ರ, ದಪ್ಪ ಕಲೆಗಳ ಮೇಲೆ ಮಾತ್ರ. ಆಮೇಲೆ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ನಡುವಿನ ರಾತ್ರಿಗಳಲ್ಲಿ ಕ್ಯಾಲ್ಸಿಪೊಟ್ರಿಯೋಲ್ ಲೋಷನ್. ಇದು ಸ್ಟೀರಾಯ್ಡ್ ಅಲ್ಲ, ವಿಟಮಿನ್ ಡಿ ಜಾತಿಯದು, ಚರ್ಮ ತೆಳು ಮಾಡುವುದಿಲ್ಲ, ಆದರೆ ಕೆಲಸ ನಿಧಾನ. ಆಮೇಲೆ ನಾಲ್ಕು ವಾರ ಕ್ಲೊಬೆಟಾಸೋಲ್ ಶನಿವಾರ, ಭಾನುವಾರ ಮಾತ್ರ, ಸೋಮವಾರದಿಂದ ಶುಕ್ರವಾರದ ತನಕ ಕ್ಯಾಲ್ಸಿಪೊಟ್ರಿಯೋಲ್. ಒಟ್ಟು ಎಂಟು ವಾರ. ನಡುವೆ ಹೊಟ್ಟು ಮರಳಿದರೆ ಒಂದು ಮೆಟ್ಟಿಲು ಮಾತ್ರ ಹಿಂದಕ್ಕೆ ಹೋಗಿ ಒಂದು ವಾರ ನಿಲ್ಲಬೇಕು, ಮೊದಲಿಂದ ಶುರು ಮಾಡುವುದಲ್ಲ.

ಹಣೆ ಮತ್ತು ಕಿವಿ ಹಿಂದಿನ ದಾರಿ ಬೇರೆ. ಅಲ್ಲಿಗೆ ಕ್ಲೊಬೆಟಾಸೋಲ್ ತಾಗಲೇಬಾರದು. ಒಂದು ವಾರ ಮೆತ್ತಗಿನ ಸ್ಟೀರಾಯ್ಡ್, ಅಂದರೆ ಹೈಡ್ರೊಕಾರ್ಟಿಸೋನ್ 1 ಪರ್ಸೆಂಟ್ ಕ್ರೀಮ್, ಆಮೇಲೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು. ದಪ್ಪ ಚರ್ಮದಲ್ಲಿ ದಿನ ಇಳಿಸಿದರು, ತೆಳು ಚರ್ಮದಲ್ಲಿ ಔಷಧಿಯ ಜೋರು ಇಳಿಸಿದರು. ಇದು ಅವರಿಗೆ ಬರೆದ ಚೀಟಿ, ನಿಮ್ಮದು ಬೇರೆ ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಅಂತೂ ಇದನ್ನು ನೋಡಿ ಮಾಡಬೇಡಿ.

ಒಂದು ಮಾತು ಚೀಟಿಯಲ್ಲಿ ಬರೆದಿರುವುದಿಲ್ಲ. ಸ್ಯಾಲಿಸಿಲಿಕ್ ಆಸಿಡ್ ಕ್ಯಾಲ್ಸಿಪೊಟ್ರಿಯೋಲನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಆ ಎರಡನ್ನೂ ಒಂದರ ಮೇಲೊಂದು ಹಚ್ಚಿ "ಈ ಔಷಧಿ ಹತ್ತಲಿಲ್ಲ" ಅಂದವರನ್ನು ನಾನು ನೋಡಿದ್ದೇನೆ.

ಹಚ್ಚುವ ರೀತಿ

ಹೊಟ್ಟಿನ ಮೇಲೆ ಹಚ್ಚಿದರೆ ಹೊಟ್ಟಿಗೇ ಔಷಧಿ. ಸ್ನಾನಕ್ಕೆ ಒಂದು ತಾಸು ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾಗಲು ಬಿಡಿ, ಕೆರೆದು ತೆಗೆಯಬೇಡಿ. ತಲೆ ತೊಳೆದು ಪೂರ್ತಿ ಒಣಗಿದ ಮೇಲೆ ಬೈತಲೆ ತೆಗೆದು, ಬಾಟಲಿಯ ಮೂತಿಯನ್ನು ನೇರ ಕಲೆಯ ಮೇಲಿಟ್ಟು ಎರಡು ಮೂರು ಹನಿ ಹಾಕಿ, ಬೆರಳ ತುದಿಯಿಂದ ಒತ್ತಿ. ಕೂದಲಿಗೆ ಸವರಿದ್ದು ದಂಡ. ಆಮೇಲೆ ಒದ್ದೆ ಬಟ್ಟೆಯಿಂದ ಹಣೆ, ಕಿವಿ ಹಿಂದೆ, ಕತ್ತು ಒರೆಸಿಕೊಳ್ಳಿ, ಕೈ ತೊಳೆಯಿರಿ, ಒಣಗುವ ತನಕ ಮಲಗಬೇಡಿ. ಕೂದಲಂಚಿಗೆ ಮೊದಲೇ ಒಂದು ಗೆರೆ ವ್ಯಾಸಲೀನ್ ಹಚ್ಚಿಕೊಂಡರೆ ಇಳಿಯುವುದು ಕಡಿಮೆ. ಇಂಥ ಲೋಷನ್ನುಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಹಚ್ಚಿಕೊಂಡು ಒಲೆ ಮುಂದೆ, ದೀಪದ ಮುಂದೆ ಹೋಗಬೇಡಿ. ರಾತ್ರಿ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಳ್ಳುವುದೂ ಬೇಡ, ಮುಚ್ಚಿದರೆ ಔಷಧಿ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ.

ಉರಿಯೋ, ಕಡಿತವೋ?

ಎರಡೂವರೆ ವಾರ ಆಗಿರಬೇಕು, ಅಕ್ಕಾರ ಫೋನ್ ಬಂತು.

"ಅಣ್ಣಾರ, ಬ್ಯಾನಿ ತಿರುಗಿ ಬಂತ್ರಿ. ಹಣಿ ಕೆಂಪಗಾಗೇತಿ. ಅದ ಲೋಷನ್ ಒಂದ ಸಲ ಹಚ್ಚಲೇನ್ರಿ?"

"ಉರೀತೈತೇನ್ರಿ, ಕಡೀತೈತೇನ್ರಿ?"

"ಉರೀತೈತ್ರಿ. ಕಡಿತ ಅಷ್ಟ ಇಲ್ಲ."

"ಹೊಟ್ಟು ಉದುರತೈತೇನು?"

"ಇಲ್ರಿ."

ಹೊಟ್ಟಿಲ್ಲ, ದಪ್ಪ ಅಂಚಿಲ್ಲ, ಉರಿ ಇದೆ, ಮತ್ತು ಕೆಂಪಾಗಿರುವುದು ಲೋಷನ್ ಹರಿದು ಇಳಿಯುತ್ತಿದ್ದ ಜಾಗವೇ. ಇದು ರೋಗ ಮರಳಿದ್ದಲ್ಲ, ಸ್ಟೀರಾಯ್ಡ್ ಬಿಟ್ಟಾಗ ಬರುವ ಉರಿ. ಟ್ಯಾಕ್ರೊಲಿಮಸ್ ಕೂಡ ಮೊದಲ ಕೆಲವು ದಿನ ಉರಿಸುತ್ತದೆ. ಹಚ್ಚಬೇಡಿ ಅಂದೆ, ಮತ್ತೆ ಡಾಕ್ಟರಿಗೆ ತೋರಿಸಿದರು. ಅವರೂ ಅದನ್ನೇ ಹೇಳಿದರು. ಟ್ಯಾಕ್ರೊಲಿಮಸ್ ಮುಂದುವರಿಸಿ, ಮೇಲೆ ಸಾದಾ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಹೋಗುವಾಗ ಹಣೆ ಮುಚ್ಚಿಕೊಳ್ಳಿ, ಅಷ್ಟೇ. ಮೂರು ವಾರಕ್ಕೆ ಉರಿ ತಣ್ಣಗಾಯಿತು. ಆ ಫೋನ್ ಮಾಡದೆ ಸುಮ್ನೆ ಎರಡು ಹನಿ ಹಚ್ಚಿಕೊಂಡಿದ್ದರೆ ಒಂದೇ ರಾತ್ರಿಯಲ್ಲಿ ಉರಿ ನಿಲ್ಲುತ್ತಿತ್ತು, ಅದೇ ಕಷ್ಟ.

ಮನೆಯಲ್ಲಿ ಕೂತು ಕಾಯಬಾರದ ಲಕ್ಷಣಗಳೂ ಇವೆ. ಮೈಯೆಲ್ಲಾ ಕೆಂಪಾಗಿ ಜ್ವರ ಬಂದರೆ, ಕೀವು ತುಂಬಿದ ಗುಳ್ಳೆ ಎದ್ದರೆ, ಎದ್ದು ನಿಂತಾಗ ತಲೆ ತಿರುಗಿ ವಾಂತಿ, ವಿಪರೀತ ಸುಸ್ತು ಬಂದರೆ ಅವತ್ತೇ ಆಸ್ಪತ್ರೆ. ವರ್ಷಗಟ್ಟಲೆ ಜೋರಿನ ಸ್ಟೀರಾಯ್ಡ್ ಹಚ್ಚಿದವರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಕಡಿಮೆ ಮಾಡಿರಬಹುದು. ದೃಷ್ಟಿ ಮಂಜಾದರೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಲೋಷನ್ ಕಣ್ಣಿನ ತನಕ ಇಳಿಯುತ್ತಿದ್ದರೆ ಕಣ್ಣಿನೊಳಗಿನ ಒತ್ತಡ ಏರಬಹುದು. ಬೇಗ ಗುಣವಾಗಲಿ ಎಂದು ಸ್ಟೀರಾಯ್ಡ್ ಗುಳಿಗೆ ಯಾರ ಮಾತು ಕೇಳಿಯೂ ನುಂಗಬೇಡಿ. ಸೋರಿಯಾಸಿಸ್ಸಿನಲ್ಲಿ ಅದನ್ನು ಬಿಟ್ಟಾಗ ರೋಗ ಮೈತುಂಬ ಕೆರಳಬಹುದು.

ಎಂಟು ವಾರ ಅಂದಿದ್ದು ಒಂಬತ್ತಾಯಿತು. ಆರನೇ ವಾರ ಕಿವಿಯ ಮೇಲ್ಗಡೆ ಹೊಟ್ಟು ಕಂಡಿತ್ತು, ಒಂದು ಮೆಟ್ಟಿಲು ಹಿಂದೆ ಹೋಗಿ ಬಂದರು. ಹಣೆಯ ಹೊಳಪು ಬೇಸಿಗೆಯ ಹೊತ್ತಿಗೆ ಹೋಯಿತು, ಚರ್ಮದ ಮೇಲ್ಪದರ ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹಣೆ ಪಕ್ಕದ ಕೆಂಪು ಎಳೆಗಳು ಮಾತ್ರ ಉಳಿದಿವೆ. ಅವು ಪೂರ್ತಿ ಹೋಗದೆಯೂ ಇರಬಹುದು, ಅದನ್ನು ಅವರಿಗೆ ಹೇಳಿದ್ದೇನೆ. ಈಗ ನನ್ನ ಅಂಗಡಿಯಲ್ಲಿ ಆ ಲೋಷನ್ ಕೊಡುವಾಗ ಚೀಟಿ ನೋಡಿ, ಬಾಟಲಿಯ ಮೇಲೆ ಬಾಲ್‌ಪೆನ್ನಿನಿಂದ ತಾರೀಕು ಬರೆಯುತ್ತೇನೆ. ಅಕ್ಕಾರ ಈಗಿನ ಬಾಟಲಿಯ ಮೇಲೆ ಬರೆದ ತಾರೀಕಿಗೆ ನಾಲ್ಕು ತಿಂಗಳಾಯಿತು, ಇನ್ನೂ ಅರ್ಧ ಉಳಿದಿದೆಯಂತೆ.